ಒಂದೂವರೆ ಜಿಬಿಯೂ ನೂರು ಪುಟವೂ
(ಕೊಳಗಲ್ಲಿನ ಶಾಲಾ ಚರ್ಚಾ ಸ್ಪರ್ಧೆಗೆ, ವಿಷಯದ ಪರವಾಗಿ ಬರೆದ ಭಾಷಣ)



ಸಾಮಾಜಿಕ ಜಾಲತಾಣ ನಮ್ಮ ಓದುವ ರೂಢಿಯನ್ನು ಕೆಡಿಸುತ್ತಿದೆ ಎಂಬುದು ನನ್ನ ವಾದ. ಆದರೆ ಮಕ್ಕಳಿಗೆ ಓದಲು ಬಾರದಿರುವುದಕ್ಕೆಲ್ಲ ಮೊಬೈಲೇ ಕಾರಣ ಎಂದು ನಾನು ಹೇಳುವುದಿಲ್ಲ. ಗ್ರಾಮೀಣ ಭಾರತದ ಮಕ್ಕಳ ಓದನ್ನು ಅಳೆಯುವ 'ಅಸರ್' ಸಮೀಕ್ಷೆ ನೋಡಿ. ಎರಡನೇ ತರಗತಿಯ ಪಾಠ ಓದಬಲ್ಲ ಐದನೇ ತರಗತಿಯ ಮಕ್ಕಳು 2010ರಲ್ಲಿ ಶೇ. 54ರಷ್ಟಿದ್ದರು, 2014ರಲ್ಲಿ ಶೇ. 48ಕ್ಕೆ ಇಳಿದರು. ಹಳ್ಳಿಯ ಮನೆಮನೆಗೆ ಸ್ಮಾರ್ಟ್‌ಫೋನ್ ಬಂದದ್ದು ಅದಾದ ಮೇಲೆ.

ಹಾಗಾದರೆ ಕೆಟ್ಟದ್ದೇನು? ಹೊತ್ತು. ಅದೇ ಸಮೀಕ್ಷೆಯ 2024ರ ವರದಿಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬರುವ 14ರಿಂದ 16 ವರ್ಷದವರಲ್ಲಿ ಶೇ. 57ರಷ್ಟು ಮಂದಿ ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದ್ದರು. ಜಾಲತಾಣಕ್ಕೆ ಬಳಸಿದವರು ಶೇ. 76.

ಈಗ ಮನೆಯ ಲೆಕ್ಕ. ದಿನಕ್ಕೆ 1.5 ಜಿಬಿ ಕೊಡುವ 28 ದಿನಗಳ ರೀಚಾರ್ಜಿಗೆ ಸುಮಾರು 300 ರೂಪಾಯಿ. ವರ್ಷಕ್ಕೆ 13 ಸಲ ಹಾಕಿಸಿದರೆ 3,900 ರೂಪಾಯಿ. ಪುಸ್ತಕವೊಂದಕ್ಕೆ 150 ರೂಪಾಯಿ ಹಿಡಿದರೂ 26 ಪುಸ್ತಕ ಬರುತ್ತವೆ. ಆದರೆ ನನಗೆ ಹಣಕ್ಕಿಂತ ದೊಡ್ಡದಾಗಿ ಕಾಣುವುದು ಈ ರೀಚಾರ್ಜಿನ ಕಟ್ಟಳೆ. ದಿನದ ಡೇಟಾ ಉಳಿದರೆ ನಡುರಾತ್ರಿಗೆ ಹೋಗಿಬಿಡುತ್ತದೆ. ದುಡ್ಡು ಕೊಟ್ಟದ್ದು ಹಾಳಾಗಬಾರದೆಂದು ಮಲಗುವ ಮೊದಲು ರೀಲ್ಸ್ ನೋಡುತ್ತೇವೆ. ಸಾಧಾರಣ ಸ್ಪಷ್ಟತೆಯ ವಿಡಿಯೊ ಗಂಟೆಗೆ ಅರ್ಧದಿಂದ ಮುಕ್ಕಾಲು ಜಿಬಿ ನುಂಗುತ್ತದೆ. ಒಂದೂವರೆ ಜಿಬಿ ಖಾಲಿಯಾಗಲು ಎರಡು ಮೂರು ತಾಸು ಬೇಕು.

ಆ ಎರಡು ತಾಸಿನಲ್ಲಿ ಎಷ್ಟು ಓದಬಹುದಿತ್ತು? ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕೆಂಬುದು ಕೇಂದ್ರದ 'ನಿಪುಣ್ ಭಾರತ್' ಯೋಜನೆಯ ಗುರಿ. ಹೈಸ್ಕೂಲಿನ ನಾವೂ ಅಷ್ಟೇ ನಿಧಾನವಾಗಿ ಓದುತ್ತೇವೆ ಎಂದಿಟ್ಟುಕೊಳ್ಳಿ. 120 ನಿಮಿಷಕ್ಕೆ 7,200 ಪದ. ಪುಟಕ್ಕೆ 200 ಪದವಾದರೆ 36 ಪುಟ. ನೂರು ಪುಟದ ಕಾದಂಬರಿ ಮೂರೇ ದಿನಕ್ಕೆ ಮುಗಿಯುತ್ತದೆ. ಅರ್ಧ ತಾಸು ಮಾತ್ರ ಕೊಟ್ಟರೂ 11ರಿಂದ 12 ದಿನ ಸಾಕು.

ಮೊಬೈಲಿನಲ್ಲೂ ಓದುತ್ತೇವಲ್ಲ ಎಂದು ಎದುರು ತಂಡದ ಗೆಳೆಯರು ಕೇಳಬಹುದು. ವಿಡಿಯೊದ ಕೆಳಗಿನ ಹತ್ತು ಪದ ಓದಿ ಬೆರಳು ಮೇಲಕ್ಕೆ ಸರಿಸುತ್ತೇವೆ, ನಿಜ. ಆದರೆ ಕಥೆಯ ಮೂರನೇ ಪುಟದಲ್ಲಿ ಬಂದವನನ್ನು ಅರವತ್ತನೇ ಪುಟದವರೆಗೆ ನೆನಪಿಟ್ಟುಕೊಳ್ಳುವ ಅಭ್ಯಾಸ ಅದರಿಂದ ಬರುವುದಿಲ್ಲ. ಪರೀಕ್ಷೆಯಲ್ಲಿ ಉದ್ದನೆಯ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದಾಗ, ಕೊನೆ ಮುಟ್ಟುವಷ್ಟರಲ್ಲಿ ಮೊದಲ ಸಾಲು ಮರೆತುಹೋಗುವುದು ಇದರ ಗುರುತು.

ಬೇಕಿದ್ದರೆ ಅದೇ ಮೊಬೈಲಿನಲ್ಲಿ ಪುಸ್ತಕ ಓದಿ, ನನ್ನ ತಕರಾರಿಲ್ಲ. ನೂರು ಪುಟದ ಕನ್ನಡ ಪಠ್ಯ ಕಡತವಾಗಿ ಅರ್ಧ ಎಂಬಿಯಷ್ಟಾಗುತ್ತದೆ. ಒಂದು ದಿನದ ಡೇಟಾದಲ್ಲಿ ಅಂಥ 3,000 ಪುಸ್ತಕ ಇಳಿಸಿಕೊಳ್ಳಬಹುದು.