ಮೂರನೇ ಬಾಯ್ಲರ್ ಬೆಳಿಗ್ಗೆ ಮಾತ್ರ ಯಾಕೆ ಹಟ ಮಾಡುತ್ತೆ?

ಕಳೆದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಅಂತ ನಾವು ನಾಲ್ಕು ಜನ ಒಂದು ಲಾಂಡ್ರಿಯ ಬಾಯ್ಲರ್ ರೂಮಿಗೆ ಹೋಗಿದ್ವಿ. ಅಲ್ಲಿ ನ್ಯಾಚುರಲ್ ಗ್ಯಾಸ್‌ನಲ್ಲಿ ಓಡುವ ಮೂರು ಬಿಸಿನೀರಿನ ಬಾಯ್ಲರ್‌ಗಳಿವೆ. ಮೊದಲು ಎರಡೇ ಇದ್ದವು, ಮೂರನೆಯದು ಆಮೇಲೆ ಬಂದದ್ದು. "ಇದೊಂದು ಬೆಳಿಗ್ಗೆ ಮಾತ್ರ ಲಾಕ್‌ಔಟ್ ಆಗುತ್ತೆ ನೋಡಿ, ಮಧ್ಯಾಹ್ನ ಒಳ್ಳೆ ಹುಡುಗನ ಥರ ಇರುತ್ತೆ" ಅಂದ್ರು ಅಲ್ಲಿನ ಆಪರೇಟರ್ ಅಣ್ಣ. ಗ್ಯಾಸ್ ವಾಲ್ವ್ ಬದಲಾಯಿಸಿಯೂ ಆಗಿತ್ತು. ನಾವೂ ಬರ್ನರ್‌ನಲ್ಲೇ ತೊಂದರೆ ಅಂದುಕೊಂಡಿದ್ವಿ. ತೊಂದರೆ ಇದ್ದದ್ದು ಗೋಡೆ ಮೇಲಿನ ಹಳದಿ ಪೈಪಿನಲ್ಲಿ.

ಮೊದಲು ಎಷ್ಟು ಗ್ಯಾಸ್ ಬೇಕು ಅಂತ ನೋಡೋಣ. ಪ್ರತಿ ಬಾಯ್ಲರ್ ನೀರಿಗೆ ಕೊಡುವುದು 190 ಕಿಲೋವ್ಯಾಟ್. ಇಲ್ಲೇ ನಾವು ಮೊದಲ ತಪ್ಪು ಮಾಡಿದ್ದು. ಪೈಪಿಗೆ ಬೇಕಾದದ್ದು ಬಾಯ್ಲರ್ ಕೊಡುವ ಲೆಕ್ಕ ಅಲ್ಲ, ತಿನ್ನುವ ಲೆಕ್ಕ. 90 ಶೇಕಡಾ ದಕ್ಷತೆ ಹಿಡಿದರೆ ಅದು ಸುಮಾರು 210 ಕಿಲೋವ್ಯಾಟ್, ಅಂದರೆ ಗಂಟೆಗೆ 756 ಮೆಗಾಜೂಲ್. ಒಂದು ಘನ ಮೀಟರ್ ಗ್ಯಾಸ್ ಸುಮಾರು 38 ಮೆಗಾಜೂಲ್ ಕೊಡುತ್ತೆ. ಹಾಗಾಗಿ ಒಂದು ಬಾಯ್ಲರ್‌ಗೆ ಗಂಟೆಗೆ 20 ಘನ ಮೀಟರ್, ಮೂರಕ್ಕೆ 60. ಮನೆಗಳ ಲೆಕ್ಕದಲ್ಲಿ "ಎಲ್ಲರೂ ಒಟ್ಟಿಗೆ ಒಲೆ ಹಚ್ಚಲ್ಲ" ಅಂತ ಸ್ವಲ್ಪ ಕಡಿಮೆ ಮಾಡಬಹುದು. ಇಲ್ಲಿ ಆಗಲ್ಲ. ಬೆಳಿಗ್ಗೆ ಟ್ಯಾಂಕ್ ತಣ್ಣಗಿರುತ್ತೆ, ಮೂರೂ ಒಟ್ಟಿಗೆ ಪೂರ್ತಿ ಉರಿಯುತ್ತವೆ.

ಮೀಟರ್‌ನ ಬಾಯಲ್ಲಿ ಗ್ಯಾಸ್ ಒತ್ತಡ 21 ಮಿಲಿಬಾರ್. ಅಲ್ಲಿಂದ ಬಾಯ್ಲರ್ ತಲುಪುವಷ್ಟರಲ್ಲಿ 1 ಮಿಲಿಬಾರ್‌ಗಿಂತ ಹೆಚ್ಚು ಕಳೆಯಬಾರದು ಅನ್ನೋದು ಬ್ರಿಟನ್‌ನಲ್ಲಿ ಈ ಒತ್ತಡಕ್ಕೆ ಪಾಲಿಸುವ ರೂಢಿ. ನಾವೂ ಅದನ್ನೇ ಹಿಡಿದ್ವಿ. ಎಷ್ಟು ಕಳೆಯುತ್ತೆ ಅನ್ನೋದಕ್ಕೆ ಫ್ಲೂಯಿಡ್ಸ್ ಕ್ಲಾಸಿನ ಹಳೇ ಸೂತ್ರವೇ ಸಾಕು:

Δp = f · (L/D) · (ρv²/2)

ಮೀಟರ್‌ನಿಂದ ಮೊದಲ ಬಾಯ್ಲರ್‌ನ ಟೀವರೆಗೆ 20 ಮೀಟರ್ ಎರಡಿಂಚಿನ ಪೈಪ್, ಮಧ್ಯೆ ಐದು ಎಲ್ಬೋ. ಒಂದು ಎಲ್ಬೋ ಕಳೆಯುವ ಒತ್ತಡ, ಪೈಪಿನ ವ್ಯಾಸದ ಸುಮಾರು 30 ಪಟ್ಟು ಉದ್ದದ ನೇರ ಪೈಪು ಕಳೆಯುವಷ್ಟು. ಹಾಗಾಗಿ ಐದು ಎಲ್ಬೋ ಸೇರಿ 8 ಮೀಟರ್, ಒಟ್ಟು 28 ಮೀಟರ್. ಒಂದೇ ಬಾಯ್ಲರ್ ಉರಿದರೆ ಈ ಭಾಗದಲ್ಲಿ ಕಳೆಯುವುದು 0.4 ಮಿಲಿಬಾರ್. ಮೂರೂ ಉರಿದರೆ? ಮೂರು ಪಟ್ಟು ಅಂತ ಹೇಳಿಬಿಡ್ತೀವಿ ಅಲ್ವಾ? ವೇಗದ ವರ್ಗ ಇರೋದ್ರಿಂದ ಒಂಬತ್ತು ಪಟ್ಟಿನ ಹತ್ತಿರ ಹೋಗುತ್ತೆ. ವೇಗ ಹೆಚ್ಚಾದಾಗ f ಸ್ವಲ್ಪ ಇಳಿಯುತ್ತೆ, ಅದಕ್ಕೆ ಏಳು ಪಟ್ಟಿಗೆ ನಿಲ್ಲುತ್ತೆ. ಸುಮಾರು 3 ಮಿಲಿಬಾರ್. ಉಳಿದ ತುಂಡುಗಳನ್ನು ಸೇರಿಸಿದರೆ ಮೂರನೇ ಬಾಯ್ಲರ್ ಹತ್ತಿರ 3.3.

ಅಂದರೆ ಅಲ್ಲಿ ಉಳಿಯೋದು 17.7 ಮಿಲಿಬಾರ್. ಆ ಬಾಯ್ಲರ್‌ನ ಕಡಿಮೆ ಒತ್ತಡದ ಸ್ವಿಚ್ ಇಟ್ಟಿದ್ದು 18ಕ್ಕೆ! ಎರಡೇ ಬಾಯ್ಲರ್ ಓಡುವಾಗ ಅಲ್ಲಿ 19ಕ್ಕಿಂತ ಮೇಲೇ ಇರುತ್ತೆ, ಅದಕ್ಕೇ ಮಧ್ಯಾಹ್ನ ಒಳ್ಳೆ ಹುಡುಗ.

ಇದನ್ನು ಕಣ್ಣಾರೆ ನೋಡಬೇಕಿತ್ತು. ಗ್ಯಾಸ್ ಟೆಕ್ನಿಷಿಯನ್ ಬಂದಾಗ ಅವರು ಮೂರನೇ ಬಾಯ್ಲರ್‌ನ ಟೆಸ್ಟ್ ಪಾಯಿಂಟ್‌ಗೆ ಯು-ಟ್ಯೂಬ್ ಹಾಕಿದ್ರು. 1 ಮಿಲಿಬಾರ್ ಅಂದರೆ ಸುಮಾರು 10 ಮಿಲಿಮೀಟರ್ ನೀರು. ಎಲ್ಲ ಆಫ್ ಇದ್ದಾಗ ಒತ್ತಡ ಚೆನ್ನಾಗೇ ಇತ್ತು. ಇದು ಮೋಸದ ರೀಡಿಂಗ್: ಗ್ಯಾಸ್ ಹರಿಯದಿದ್ದರೆ ಎಷ್ಟೇ ಸಣ್ಣ ಪೈಪಾದರೂ ಒತ್ತಡ ಕಳೆಯಲ್ಲ. ಒಂದೊಂದೇ ಬಾಯ್ಲರ್ ಹಚ್ಚುತ್ತಾ ಹೋದ ಹಾಗೆ ನೀರು ಇಳೀತು, ಮೂರನೆಯದು ಪೂರ್ತಿ ಉರಿಗೆ ಹೋಗುತ್ತಿದ್ದ ಹಾಗೇ ಸ್ವಿಚ್ ಟಪ್ ಅಂತು. ಮೀಟರ್ ಹತ್ತಿರದ ಇನ್ನೊಂದು ಟ್ಯೂಬ್ ಮಾತ್ರ ಹೆಚ್ಚು ಕದಲಲಿಲ್ಲ. ಅದೂ ಇಳಿದಿದ್ದರೆ ತಪ್ಪು ರೆಗ್ಯುಲೇಟರ್‌ನದ್ದೋ ಸಪ್ಲೈನದ್ದೋ ಆಗಿರುತ್ತಿತ್ತು.

ಹಾಗಾದರೆ ಎಷ್ಟು ದೊಡ್ಡ ಪೈಪ್ ಬೇಕು? ಅಷ್ಟೇ ಗ್ಯಾಸಿಗೆ ಒತ್ತಡದ ನಷ್ಟ ವ್ಯಾಸದ ಐದನೇ ಘಾತಕ್ಕೆ ತಿರುಗಿ ನಡೆಯುತ್ತೆ, ಹಾಗಾಗಿ ಒಂದು ಸೈಜ್ ಏರಿಸಿದರೂ ಬಹಳ ಇಳಿಯುತ್ತೆ. ಎರಡೂವರೆ ಇಂಚಿಗೆ ಲೆಕ್ಕ ಹಾಕಿದಾಗ ಒಟ್ಟು 0.7 ಬಂತು. ಖುಷಿಯಲ್ಲಿ ರಿಪೋರ್ಟ್ ಬರೆದುಬಿಟ್ವಿ. ನಮ್ಮ ಗೈಡ್ ಸರ್ ನೋಡಿ, "ಎಲ್ಬೋ ಎಲ್ಲಪ್ಪಾ ಹೋದ್ವು?" ಅಂದ್ರು. ಈ ಸಲ ಎಲ್ಬೋ, ಟೀ ಎರಡನ್ನೂ ಮರೆತಿದ್ವಿ! ಸೇರಿಸಿದರೆ 1.1, ಫೇಲ್. ಮೂರಿಂಚಿಗೆ ಹೋದಾಗ 0.6ಕ್ಕೆ ಬಂತು.

ಹಾಗಂತ ಎಲ್ಲವನ್ನೂ ಮೂರಿಂಚು ಮಾಡಬೇಕಿಲ್ಲ. 60 ಘನ ಮೀಟರ್ ಹರಿಯೋದು ಮೊದಲ ಟೀವರೆಗೆ ಮಾತ್ರ. ಆಮೇಲೆ 40, ಕೊನೆಗೆ 20. ಕೊನೆಯ ಆರು ಮೀಟರ್‌ಗೆ ಹಳೇ ಎರಡಿಂಚೇ ಸಾಕು. ಸುಮ್ಮನೆ ದಪ್ಪ ಪೈಪ್ ಹಾಕಿದರೆ ದುಡ್ಡು ಹೆಚ್ಚು. ಒಳಗಿನ ಜಾಗವೂ ಹೆಚ್ಚಾಗಿ, ಪೈಪಿನ ಗಾಳಿ ಹೊರಹಾಕಿ ಗ್ಯಾಸ್ ತುಂಬೋದಕ್ಕೂ ಸೋರಿಕೆ ಪರೀಕ್ಷೆಗೂ ಸಮಯ ಬೇಕು.

ಇನ್ನೊಂದು ವಿಷಯ. ಈ 1 ಮಿಲಿಬಾರ್ ರೂಢಿ 21 ಮಿಲಿಬಾರ್ ಸಪ್ಲೈಗೆ. ಹೆಚ್ಚು ಒತ್ತಡದಲ್ಲಿ ಗ್ಯಾಸ್ ತಂದು ಬಾಯ್ಲರ್ ಪಕ್ಕದಲ್ಲೇ ರೆಗ್ಯುಲೇಟರ್ ಇಟ್ಟರೆ ದಾರಿಯಲ್ಲಿ ಇನ್ನೂ ಹೆಚ್ಚು ಕಳೆಯಬಹುದು, ಪೈಪೂ ಸಣ್ಣದಾಗುತ್ತೆ. ಆ ಲಾಂಡ್ರಿಯವರಿಗೆ ಎರಡೂ ಲೆಕ್ಕ ಕೊಟ್ಟು ಬಂದ್ವಿ. ಅವರು ಮೊದಲ 20 ಮೀಟರ್ ಮಾತ್ರ ಬದಲಾಯಿಸಲು ಕೊಟೇಶನ್ ಕೇಳಿದ್ದಾರೆ.