ಸೋದರಮಾವ ಕೊಟ್ಟ ನಗದು ಸಾಲಕ್ಕೆ ಅಷ್ಟೇ ಮೊತ್ತದ ದಂಡ

ಮನೆ ಕೊಳ್ಳುವಾಗ ನಾಲ್ಕು ಕಾಸು ಕಡಿಮೆ ಬಿದ್ದರೆ ನೆಂಟರ ಮನೆಯ ಬಾಗಿಲು ತಟ್ಟುವುದು ನಮ್ಮಲ್ಲಿ ಹೊಸತೇನಲ್ಲ. ಆದರೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ಯಾರಿಂದಲೂ ನಗದಾಗಿ ಪಡೆಯುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಕಲಂ ಹೇಳುತ್ತದೆ. ಮೀರಿದರೆ 271ಡಿ ಕಲಂ ಪ್ರಕಾರ ದಂಡ. ಎಷ್ಟು ಸಾಲವೋ ಅಷ್ಟೇ ದಂಡ, ಅದೂ ಕೊಟ್ಟವರಿಗಲ್ಲ, ಪಡೆದವರಿಗೆ.

ತುಮಕೂರಿನ ಒಬ್ಬ ಶಿಕ್ಷಕರು 48 ಲಕ್ಷದ ಮನೆ ಕೊಂಡರು ಎಂದುಕೊಳ್ಳೋಣ. ಬ್ಯಾಂಕ್ ಸಾಲ 35 ಲಕ್ಷ, ಕೈಯಲ್ಲಿದ್ದದ್ದು 1 ಲಕ್ಷ. ಉಳಿದ 12 ಲಕ್ಷ ಕೊಡುತ್ತೇನೆಂದಿದ್ದ ಗೆಳೆಯ ಶುಕ್ರವಾರ ಸಂಜೆ ಕೈ ಎತ್ತಿದ. ನೋಂದಣಿ ಸೋಮವಾರ ಮಧ್ಯಾಹ್ನ, ನಡುವೆ ಎರಡನೇ ಶನಿವಾರ ಮತ್ತು ಭಾನುವಾರ. ತಿಪಟೂರಿನ ಬಳಿಯ ಹಳ್ಳಿಯಲ್ಲಿ ತೆಂಗಿನ ತೋಟವಿರುವ ಸೋದರಮಾವ, ತಮ್ಮ ಮನೆ ಕಟ್ಟಲೆಂದು ಕೆಲವು ತಿಂಗಳಿಂದ ಬ್ಯಾಂಕಿನಿಂದ ತೆಗೆದಿಟ್ಟಿದ್ದ ಹಣವನ್ನು ತಂದುಕೊಟ್ಟರು. ಶಿಕ್ಷಕರು ಸೋಮವಾರ ಬೆಳಿಗ್ಗೆ ಅದನ್ನು ತಮ್ಮ ಉಳಿತಾಯ ಖಾತೆಗೆ ಕಟ್ಟಿ, ಮಾರುವವರ ಹೆಸರಿಗೆ ಡಿಡಿ ತೆಗೆಸಿದರು.

ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ನಗದು ಬಂದರೆ ಬ್ಯಾಂಕು ಇಲಾಖೆಗೆ ವರದಿ ಮಾಡಲೇಬೇಕು. ಅಲ್ಲಿಂದ ವಿಚಾರಣೆ ಶುರುವಾಯಿತು, ಮೂಲ ಕೇಳಿದಾಗ ‘ಮಾವನಿಂದ ಸಾಲ’ ಎಂದರು, ಅದನ್ನು ಅಧಿಕಾರಿ ಒಪ್ಪಿಯೂ ಒಪ್ಪಿದರು. ಒಪ್ಪಿದ್ದರಿಂದಲೇ ಮುಂದಿನ ನೋಟಿಸು ಬಂತು: 12 ಲಕ್ಷ ದಂಡ ಯಾಕೆ ಹಾಕಬಾರದು?

ಹೆಚ್ಚಿನವರು ಎಡವುವುದು ಇಲ್ಲಿ. ಹಣ ಸಾಚಾ, ಮಾವ ಸಾಚಾ, ತೆರಿಗೆ ತಪ್ಪಿಸಿಲ್ಲ ಎಂದು ಪುಟಗಟ್ಟಲೆ ಬರೆಯುತ್ತಾರೆ. ಅದು ಮುಗಿದ ಪ್ರಶ್ನೆ. ಈಗ ಕೇಳುತ್ತಿರುವುದು ಒಂದೇ, ಬ್ಯಾಂಕಿನ ಮೂಲಕ ಏಕೆ ಪಡೆಯಲಿಲ್ಲ? 273ಬಿ ಕಲಂ ಪ್ರಕಾರ ‘ಸಮಂಜಸ ಕಾರಣ’ ಇದ್ದರೆ ದಂಡವಿಲ್ಲ, ಆದರೆ ಆ ಕಾರಣವನ್ನು ರುಜುವಾತು ಮಾಡುವ ಹೊಣೆ ನೋಟಿಸು ಪಡೆದವರದ್ದೇ. 269ಎಸ್‌ಎಸ್ ಸಂವಿಧಾನಬದ್ಧವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಎ.ಬಿ. ಶಾಂತಿ ಪ್ರಕರಣದಲ್ಲಿ ಎತ್ತಿಹಿಡಿದಾಗಲೂ ಈ ಕಿಂಡಿಯನ್ನು ಗಮನಿಸಿತ್ತು.

ಹಾಗಾಗಿ ಉತ್ತರದ ಜೀವಾಳ ಆ ಮೂರು ದಿನಗಳ ತಾರೀಖುಪಟ್ಟಿ. ಕ್ರಯದ ಕರಾರಿನಲ್ಲಿರುವ ಕೊನೆಯ ದಿನ, ಗೆಳೆಯ ಕೈಬಿಟ್ಟ ಸಂದೇಶ, ನೋಂದಣಿಗೆ ನಿಗದಿಯಾದ ಸಮಯ, ಸೋಮವಾರದ ಜಮಾ ಚೀಟಿ, ಅದೇ ದಿನದ ಡಿಡಿ, ನೋಂದಾಯಿತ ಕ್ರಯಪತ್ರ. ಜೊತೆಗೆ ಮಾವನ ಪಾಸ್‌ಬುಕ್ಕು ಮತ್ತು ಪ್ರಮಾಣಪತ್ರ. ‘ಮಾವನೇ ಸೋಮವಾರ ತಮ್ಮ ಶಾಖೆಗೆ ಕಟ್ಟಿ ಆರ್‌ಟಿಜಿಎಸ್ ಮಾಡಬಹುದಿತ್ತಲ್ಲ?’ ಎಂದು ಅಧಿಕಾರಿ ಕೇಳಿಯೇ ಕೇಳುತ್ತಾರೆ. ಇದೇ ಈ ಪ್ರಕರಣದ ದುರ್ಬಲ ಜಾಗ. ಮುಚ್ಚಿಡುವ ಬದಲು, ಅಷ್ಟರಲ್ಲಿ ಡಿಡಿ ಕೈಸೇರುವ ಭರವಸೆ ಇರಲಿಲ್ಲವೆಂದು ಮೊದಲೇ ಬರೆಯುವುದು ಜಾಣತನ. ಕುಟುಂಬದೊಳಗಿನ, ಲೆಕ್ಕಕ್ಕೆ ತೋರಿಸಿದ ವ್ಯವಹಾರವನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2009ರಲ್ಲಿ ಸುನಿಲ್ ಕುಮಾರ್ ಗೋಯಲ್ ಪ್ರಕರಣದಲ್ಲಿ ಸಮಂಜಸ ಕಾರಣವೆಂದು ಒಪ್ಪಿದ್ದುಂಟು. ಆದರೆ ಪ್ರತಿಯೊಂದು ಪ್ರಕರಣವೂ ತನ್ನ ಸಂಗತಿಗಳ ಮೇಲೆ ನಿಲ್ಲುತ್ತದೆ, ‘ನೆಂಟರು’ ಎಂಬ ಪದವೊಂದೇ ಸಾಲದು.

ಎರಡು ವಾದಗಳನ್ನು ದೂರವಿಡಬೇಕು. ಒಂದು, ‘ಮಾವ ರೈತರು, ನಮಗೆ ವಿನಾಯಿತಿ ಇದೆ.’ ವಿನಾಯಿತಿ ಸಿಗಬೇಕಾದರೆ ಕೊಟ್ಟವರು, ಪಡೆದವರು ಇಬ್ಬರಿಗೂ ಕೃಷಿ ಆದಾಯವಿರಬೇಕು, ಇಬ್ಬರಿಗೂ ತೆರಿಗೆಗೆ ಒಳಪಡುವ ಆದಾಯ ಇರಬಾರದು. ಸಂಬಳದ ಮೇಲೆ ತೆರಿಗೆ ಕಟ್ಟುವ ಶಿಕ್ಷಕರಿಗೆ ಅದು ಅನ್ವಯಿಸದು. ಇನ್ನೊಂದು, ‘ಅದು ಸಾಲವಲ್ಲ, ಉಡುಗೊರೆ.’ ಸೋದರಮಾವನ ಉಡುಗೊರೆಗೆ ತೆರಿಗೆ ಇಲ್ಲ ನಿಜ, ಆದರೆ ಒಮ್ಮೆ ಸಾಲವೆಂದು ಬರೆದುಕೊಟ್ಟವರು ಈಗ ಮಾತು ಬದಲಿಸಿದರೆ ಉಳಿದ ಮಾತೂ ಬೆಲೆ ಕಳೆದುಕೊಳ್ಳುತ್ತದೆ.

ಕಾರಣ ಹೇಳುವ ಮೊದಲು ತೆರಿಗೆ ನಿರ್ಧಾರದ ಆದೇಶವನ್ನು ಒಮ್ಮೆ ಓದಬೇಕು. 269ಎಸ್‌ಎಸ್ ಉಲ್ಲಂಘನೆ ಆಗಿದೆ ಎಂಬ ಮನವರಿಕೆಯನ್ನು ಅಧಿಕಾರಿ ಅದರಲ್ಲಿ ದಾಖಲಿಸಿಲ್ಲವಾದರೆ ದಂಡ ನಿಲ್ಲದು ಎಂಬ ವಾದಕ್ಕೆ ಜೈಲಕ್ಷ್ಮಿ ರೈಸ್ ಮಿಲ್ಸ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಆಧಾರವಾಗುತ್ತದೆ. ಈ ಆಕ್ಷೇಪ ಉತ್ತರದ ಮೊದಲ ಪ್ಯಾರಾದಲ್ಲಿ, ಸಮಂಜಸ ಕಾರಣ ಎರಡನೆಯದರಲ್ಲಿ. ಎಲ್ಲವನ್ನೂ ಪೋರ್ಟಲ್‌ನ ಇ-ಪ್ರೊಸೀಡಿಂಗ್ಸ್ ವಿಭಾಗದಲ್ಲಿ ಗಡುವಿನೊಳಗೆ ಹಾಕಿ ರಸೀದಿ ಇಟ್ಟುಕೊಳ್ಳಬೇಕು. ದಂಡದ ಆದೇಶ ಬಂದೇಬಿಟ್ಟರೆ ಮೇಲ್ಮನವಿಗೆ 30 ದಿನ ಅವಕಾಶವಿದೆ.

ಇಷ್ಟರ ನಡುವೆ ಮಾವನ ಸಾಲವನ್ನು ಶಿಕ್ಷಕರು ತೀರಿಸತೊಡಗಿದ್ದರೆ ಅದೂ ಖಾತೆಯ ಮೂಲಕವೇ ಆಗಿರಬೇಕು. ನಗದಾಗಿ ತೀರಿಸಿದರೆ 269ಟಿ ಕಲಂ ಕಾದಿದೆ, ಅದರ ದಂಡವೂ ತೀರಿಸಿದಷ್ಟೇ ಮೊತ್ತ.