ಕಮಲಾ ಸೊಹೋನಿ: ಒಂದು ಗದ್ಯಭಾಗ, ಮೂರು ಬಗೆಯ ಪ್ರಶ್ನೆ

ಹಿರಿಯ ಪ್ರಾಥಮಿಕ ತರಗತಿಯ ಮಕ್ಕಳಿಗಾಗಿ ಬರೆದ ವಿಜ್ಞಾನಿಗಳ ಜೀವನಚಿತ್ರಗಳಲ್ಲಿ ಹುಟ್ಟು, ಓದು, ಪ್ರಶಸ್ತಿ, ನಿಧನ ಇವೆಲ್ಲ ಒಂದೇ ಪುಟದಲ್ಲಿ ಸಾಲುಗಟ್ಟಿರುತ್ತವೆ. ಅಂಥ ಪುಟದಿಂದ ಇಸವಿಗಳನ್ನು ಕೇಳಬಹುದೇ ಹೊರತು ವ್ಯಕ್ತಿಯ ಸ್ವಭಾವವನ್ನು ಕೇಳಲಾಗದು. ಒಂದೇ ಒಂದು ಘಟನೆಯನ್ನು ಬಿಡಿಸಿ ಹೇಳಿ, ಉಳಿದುದನ್ನು ಚಿಕ್ಕದಾಗಿ ಮುಗಿಸಿದರೆ ಪ್ರಶ್ನೆಗಳಿಗೆ ಜೀವ ಬರುತ್ತದೆ. ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಅವರ ಬಗೆಗಿನ ಗದ್ಯಭಾಗವನ್ನು ಹೀಗೆ ಬರೆಯಬಹುದು:

“ಕಮಲಾ ಭಾಗವತ್ 1911ರಲ್ಲಿ ಇಂದೋರಿನಲ್ಲಿ ಹುಟ್ಟಿದರು. ಅವರ ತಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ತಾನೂ ಅಲ್ಲೇ ಸಂಶೋಧನೆ ಮಾಡಬೇಕೆಂಬುದು ಮಗಳ ಆಸೆ. 1933ರಲ್ಲಿ ಮುಂಬೈಯಲ್ಲಿ ಬಿ.ಎಸ್ಸಿ. ಮುಗಿಸಿ ಅರ್ಜಿ ಹಾಕಿದರು. ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲವೆಂದು ಸಂಸ್ಥೆಯ ನಿರ್ದೇಶಕ ಸಿ. ವಿ. ರಾಮನ್ ಅದನ್ನು ತಿರಸ್ಕರಿಸಿದರು. ಕಮಲಾ ಬೆಂಗಳೂರಿಗೇ ಬಂದು ರಾಮನ್ ಅವರನ್ನು ಕಂಡರು, ಕಾರಣ ಕೇಳಿದರು, ಪಟ್ಟು ಬಿಡಲಿಲ್ಲ. ಕೊನೆಗೆ ರಾಮನ್ ಷರತ್ತು ಹಾಕಿ ಒಪ್ಪಿದರು. ಮೊದಲ ವರ್ಷ ಕಮಲಾ ಪೂರ್ಣ ಪ್ರಮಾಣದ ವಿದ್ಯಾರ್ಥಿನಿಯಲ್ಲ, ಕೆಲಸ ತೃಪ್ತಿ ತಂದರೆ ಮಾತ್ರ ಮಾನ್ಯತೆ. ಜೊತೆಯ ಗಂಡುಮಕ್ಕಳ ಗಮನ ಕೆಡಿಸಬಾರದೆಂಬ ಮಾತೂ ಇತ್ತು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಾಸ ಮಾಡಿದರು. ಅವರ ಕೆಲಸ ಮೆಚ್ಚಿದ ರಾಮನ್ ಮುಂದೆ ಇತರ ಹೆಣ್ಣುಮಕ್ಕಳಿಗೂ ಪ್ರವೇಶ ಕೊಟ್ಟರು. 1936ರಲ್ಲಿ ಕಮಲಾ ಎಂ.ಎಸ್ಸಿ. ಪಡೆದು, ಅನಂತರ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಆಲೂಗೆಡ್ಡೆಯನ್ನು ಪರೀಕ್ಷಿಸುತ್ತ, ಜೀವಕೋಶಗಳ ಉಸಿರಾಟಕ್ಕೆ ನೆರವಾಗುವ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಸಸ್ಯಗಳಲ್ಲೂ ಇದೆಯೆಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಭಾರತಕ್ಕೆ ಮರಳಿ ನೀರಾ ಮುಂತಾದ ಅಗ್ಗದ ಆಹಾರಗಳ ಪೋಷಕಾಂಶಗಳ ಬಗ್ಗೆ ಕೆಲಸ ಮಾಡಿದರು. 1947ರಲ್ಲಿ ಮದುವೆಯಾಗಿ ಕಮಲಾ ಸೊಹೋನಿ ಆದರು. ಬೆಂಗಳೂರಿನಲ್ಲಿ ಆದ ಅವಮಾನ ಅವರಿಗೆ ಇಳಿವಯಸ್ಸಿನಲ್ಲೂ ಮರೆತಿರಲಿಲ್ಲ. 1998ರಲ್ಲಿ ತೀರಿಕೊಂಡರು.”

ಈ ಗದ್ಯದಲ್ಲಿ ‘ಧೈರ್ಯವಂತೆ’, ‘ಛಲಗಾರ್ತಿ’ ಎಂಬ ಮಾತುಗಳನ್ನು ಬೇಕೆಂದೇ ಬಳಸಿಲ್ಲ. ಅವು ಇದ್ದರೆ ಗುಣದ ಪ್ರಶ್ನೆಗೆ ಮಗು ಆ ಪದವನ್ನು ಹುಡುಕಿ ನಕಲು ಮಾಡುತ್ತದೆ, ಯೋಚಿಸುವುದಿಲ್ಲ. ಸೈಟೋಕ್ರೋಮ್ ಎಂಬ ಹೆಸರು ಇದೆ, ಆದರೆ ಅದು ಮಾಡುವ ಕೆಲಸ ಪಕ್ಕದಲ್ಲೇ ಇದೆ. ಅದರ ಮೇಲೆ ಪ್ರಶ್ನೆ ಬೇಡ.

ಜೀವನದ ಘಟನೆಗಳ ಬಗ್ಗೆ “ಕಮಲಾ ಎಲ್ಲಿ ಹುಟ್ಟಿದರು?” ಎಂಬ ಒಂದು ಸುಲಭ ಪ್ರಶ್ನೆ ಸಾಕು. ಅದಕ್ಕಿಂತ “ಅರ್ಜಿ ಹಾಕಿದಂದಿನಿಂದ ಎಂ.ಎಸ್ಸಿ. ಪಡೆಯುವವರೆಗೆ ನಡೆದುದನ್ನು ಕ್ರಮವಾಗಿ ಬರೆಯಿರಿ” ಎಂಬುದು ಹೆಚ್ಚು ತಿಳಿಸುತ್ತದೆ. ಅವಸರದಲ್ಲಿ ಓದಿದ ಮಕ್ಕಳು ತಿರಸ್ಕಾರದಿಂದ ನೇರವಾಗಿ ಪದವಿಗೆ ಹಾರುತ್ತಾರೆ, ಷರತ್ತಿನ ವರ್ಷ ಬಿಟ್ಟುಹೋಗುತ್ತದೆ. ಉತ್ತರಪತ್ರಿಕೆ ನೋಡಿದೊಡನೆ ಯಾರಿಗೆ ಎಲ್ಲಿ ತಪ್ಪಿತೆಂದು ಶಿಕ್ಷಕರಿಗೆ ತಿಳಿಯುತ್ತದೆ.

ಗುಣಗಳ ಪ್ರಶ್ನೆಯೇ ಹೆಚ್ಚಾಗಿ ಕೆಡುವುದು. “ಕಮಲಾ ಅವರ ಗುಣಗಳನ್ನು ಬರೆಯಿರಿ” ಎಂದರೆ ಶ್ರದ್ಧೆ, ಪರಿಶ್ರಮ, ಸರಳತೆ ಎಂಬ ಸಿದ್ಧ ಪಟ್ಟಿ ಬರುತ್ತದೆ. ಗದ್ಯಭಾಗವನ್ನು ಮುಚ್ಚಿಟ್ಟು ಪ್ರಶ್ನೆಯನ್ನಷ್ಟೇ ಓದಿ ಉತ್ತರಿಸಲು ಬಂದರೆ ಆ ಪ್ರಶ್ನೆ ಸೋತಂತೆ. “ಅನ್ಯಾಯದ ಷರತ್ತಿಗೆ ಕಮಲಾ ಏಕೆ ಒಪ್ಪಿರಬಹುದು? ಇದು ಅವರ ಯಾವ ಗುಣವನ್ನು ತೋರಿಸುತ್ತದೆ? ಆಧಾರವಾದ ವಾಕ್ಯವನ್ನು ಎತ್ತಿ ಬರೆಯಿರಿ” ಎಂದು ಕೇಳಬೇಕು. ಒಂದು ಮಗು ತಾಳ್ಮೆ ಎನ್ನಬಹುದು, ಇನ್ನೊಂದು ಗುರಿಯ ಮೇಲಿನ ನಿಷ್ಠೆ ಎನ್ನಬಹುದು. ಎತ್ತಿಕೊಟ್ಟ ವಾಕ್ಯ ಹೊಂದಿದರೆ ಎರಡಕ್ಕೂ ಪೂರ್ಣ ಅಂಕ ಸಲ್ಲಬೇಕು.

ಪಾಠದ ಪ್ರಶ್ನೆಗೆ “ಕಷ್ಟಪಟ್ಟರೆ ಫಲ ಸಿಗುತ್ತದೆ” ಎಂಬ ಉತ್ತರ ತಟ್ಟನೆ ಬರುತ್ತದೆ. ಅದು ಯಾವ ಸಾಧಕರಿಗೂ ಹೊಂದುವುದರಿಂದ ಪ್ರಶ್ನೆಯನ್ನು ಇಕ್ಕಟ್ಟಾಗಿಸಬೇಕು: “ಈ ಘಟನೆಯಿಂದ ರಾಮನ್ ಏನು ಕಲಿತರು? ಅದು ಯಾವ ಮಾತಿನಿಂದ ತಿಳಿಯುತ್ತದೆ?” ಇಲ್ಲಿ ಕೆಲವು ಶಿಕ್ಷಕರು ಹಿಂಜರಿಯುತ್ತಾರೆ. ನೊಬೆಲ್ ಪಡೆದವರ ತಪ್ಪನ್ನು ಮಕ್ಕಳ ಮುಂದೆ ಇಡುವುದೇ ಎಂಬ ಸಂಕೋಚ ಅವರದು. ಇಡುವುದೇ ಸರಿ. ತಪ್ಪನ್ನು ಮರೆಮಾಡಿದರೆ ಅವರು ನಿಲುವು ಬದಲಿಸಿದ್ದೂ ಮರೆಯಾಗುತ್ತದೆ, ಕಮಲಾ ಏತಕ್ಕಾಗಿ ಹೋರಾಡಿದರೆಂಬುದೂ ಅರ್ಥವಾಗುವುದಿಲ್ಲ. ಏಳನೇ ತರಗತಿಯವರಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, “ಪ್ರವೇಶ ಸಿಕ್ಕ ಮೇಲೂ ಕಮಲಾ ಅವಮಾನವನ್ನು ಮರೆಯಲಿಲ್ಲ. ಅದು ಸರಿಯೇ?” ಎಂದು ಕೇಳಬಹುದು. ಇದಕ್ಕೆ ನಿಗದಿತ ಉತ್ತರವಿಲ್ಲ. ಹೌದೆಂದರೂ ಅಲ್ಲವೆಂದರೂ ಕಾರಣವನ್ನು ಗದ್ಯಭಾಗದಿಂದಲೇ ತೆಗೆದು ತೋರಿಸಿದ ಮಗುವಿಗೆ ಅಂಕ.